ಬೀಜಕ ಬೆಲೆಗೆ ಶಾಖೆಗೆ ಕಳಿಸಿದ ಸರಕು: ಲೋಡಿಂಗ್ ತೆಗೆದು ಶಾಖೆ ಖಾತೆ ಬರೆಯುವ ಬಗೆ

ಶಾಖೆ ಖಾತೆ ತಾಳೆ ಆಗ್ತಿಲ್ಲ ಅಂತ ಹಾಳೆ ಹಿಡಿದು ಬರುವವರು ಕೂಡುವುದು ಕಳೆಯುವುದರಲ್ಲಿ ತಪ್ಪಿರುವುದು ಕಡಿಮೆ. ಬೀಜಕ ಮಾಡುವಾಗ ಅಸಲಿನ ಮೇಲೆ ಸೇರಿಸುವ ಮೊತ್ತವೇ ಲೋಡಿಂಗ್; ಅದು ಶೇಕಡಾ 25 ಅಂತಿದ್ದರೆ ಯಾವ ಮೊತ್ತದ ಮೇಲೆ ಹಾಕಬೇಕು ಅನ್ನುವುದರಲ್ಲಿ ಒಬ್ಬರು ಎಡವಿರುತ್ತಾರೆ. ಮಾರದೆ ಉಳಿದ ದಾಸ್ತಾನಿನೊಳಗಿನ ಲೋಡಿಂಗ್‌ಗೆ ಇಡುವ ಸ್ಟಾಕ್ ರಿಸರ್ವ್ ಯಾವ ಬದಿಗೆ ಹೋಗಬೇಕು ಅನ್ನುವುದರಲ್ಲಿ ಇನ್ನೊಬ್ಬರು ಎಡವಿರುತ್ತಾರೆ. ಎರಡೂ ತಪ್ಪು ಆದಾಗಲೂ ಖಾತೆಯ ಎರಡು ಬದಿ ಸಮ ಬರುತ್ತದೆ, ಯಾಕೆಂದರೆ ಉಳಿದ ಮೊತ್ತವನ್ನು ನಾವೇ ಲಾಭ ಅಂತ ಬರೆದು ಮುಚ್ಚುತ್ತೇವೆ. ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಪೂರ್ತಿ ಲೆಕ್ಕವನ್ನು ಪ್ರಧಾನ ಕಚೇರಿಯೇ ಇಡುವ ಶಾಖೆ, ಒಂದೇ ಶಾಖೆ ಖಾತೆಯಲ್ಲಿ ಲಾಭ ಕಂಡುಹಿಡಿಯುವ ಡೆಟರ್ಸ್ ಪದ್ಧತಿ. ಕೊನೆಗೆ ಉತ್ತರ ಸರಿಯೇ ಅಂತ ಇನ್ನೊಂದು ದಾರಿಯಿಂದ ನೋಡೋಣ.

## ಕೈಯಲ್ಲಿ ಇರಬೇಕಾದ್ದು

ಪೆನ್ನು ಹಿಡಿಯುವ ಮೊದಲು ನಾಲ್ಕು ಕಾಗದ ಮುಂದಿರಲಿ: ಹೋದ ವರ್ಷದ ಶಾಖೆಯ ಅಂತಿಮ ದಾಸ್ತಾನಿನ ಪಟ್ಟಿ, ಈ ವರ್ಷ ಶಾಖೆಗೆ ಕಳಿಸಿದ ಬೀಜಕಗಳು, ಶಾಖೆ ವಾಪಸ್ ಕಳಿಸಿದ ಸರಕಿನ ಚೀಟಿಗಳು, ಮಾರ್ಚ್ 31ರಂದು ಶಾಖೆಯಲ್ಲಿ ಎಣಿಸಿದ ದಾಸ್ತಾನು. ಇವುಗಳ ಜೊತೆ ಲೋಡಿಂಗ್ ದರ ಈ ವರ್ಷ ಎಷ್ಟು, ಹೋದ ವರ್ಷ ಎಷ್ಟು ಅಂತ ಹಾಳೆಯ ಮೇಲ್ಗಡೆಯೇ ಬರೆದುಕೊಳ್ಳಿ. ಎರಡೂ ಒಂದೇ ಇರುತ್ತದೆ ಅಂತ ಸುಮ್ನೆ ಅಂದುಕೊಳ್ಳಬೇಡಿ.

ನಮ್ಮ ಉದಾಹರಣೆ ಹೀಗಿದೆ. ಬೆಂಗಳೂರಿನ ಚಿಕ್ಕಪೇಟೆಯ ಒಂದು ಸೀರೆ ಅಂಗಡಿಗೆ ದಾವಣಗೆರೆಯಲ್ಲಿ ಶಾಖೆ ಇದೆ ಅಂತ ಇಟ್ಟುಕೊಳ್ಳಿ. ಅಸಲಿನ ಮೇಲೆ ಶೇಕಡಾ 25 ಸೇರಿಸಿ ಬೀಜಕ ಮಾಡಿ ಸರಕು ಕಳಿಸುತ್ತಾರೆ. ಶಾಖೆಯವರು ಬೀಜಕ ಬೆಲೆಗೇ ಮಾರುತ್ತಾರೆ. ಎರಡೂ ವರ್ಷ ದರ ಒಂದೇ.

| ವಿವರ | ರೂ. |
|---|---|
| ಏಪ್ರಿಲ್ 1ರ ದಾಸ್ತಾನು (ಬೀಜಕ ಬೆಲೆ) | 50,000 |
| ಏಪ್ರಿಲ್ 1ರ ಉದ್ರಿ ಬಾಕಿ | 30,000 |
| ಶಾಖೆಗೆ ಕಳಿಸಿದ ಸರಕು (ಬೀಜಕ ಬೆಲೆ) | 4,00,000 |
| ಶಾಖೆಯಿಂದ ವಾಪಸ್ ಬಂದ ಸರಕು (ಬೀಜಕ ಬೆಲೆ) | 10,000 |
| ನಗದು ಮಾರಾಟ | 1,20,000 |
| ಉದ್ರಿ ಮಾರಾಟ | 2,40,000 |
| ಉದ್ರಿಯವರಿಂದ ವಸೂಲಿ | 2,20,000 |
| ಉದ್ರಿಯವರಿಗೆ ಬಿಟ್ಟ ರಿಯಾಯಿತಿ | 2,000 |
| ಪ್ರಧಾನ ಕಚೇರಿ ಕೊಟ್ಟ ಬಾಡಿಗೆ ಮತ್ತು ಸಂಬಳ | 36,000 |
| ಮಾರ್ಚ್ 31ಕ್ಕೆ ಎಣಿಸಿದ ದಾಸ್ತಾನು (ಬೀಜಕ ಬೆಲೆ) | 75,000 |

ಶಾಖೆಗೆ ಬಂದ ಹಣವನ್ನೆಲ್ಲ ಆಗಿಂದಾಗ್ಗೆ ಬೆಂಗಳೂರಿಗೆ ಕಳಿಸಿದ್ದಾರೆ.

## ಹಂತ 1: ಶೇಕಡಾವಾರನ್ನು ಬೀಜಕದ ಭಾಗವಾಗಿ ಬದಲಿಸಿ

ಅಸಲು 100 ಇದ್ದರೆ ಲೋಡಿಂಗ್ 25, ಬೀಜಕ 125. ನಮ್ಮ ಕೈಗೆ ಸಿಗುವ ದಾಸ್ತಾನು, ಕಳಿಸಿದ ಸರಕು ಎಲ್ಲವೂ 125ರ ಲೆಕ್ಕದಲ್ಲಿವೆ. ಆದ್ದರಿಂದ ಅವುಗಳ ಒಳಗಿರುವ ಲೋಡಿಂಗ್ 125ರಲ್ಲಿ 25, ಅಂದರೆ 1/5. ಶೇಕಡಾ 25 ಅಲ್ಲ, ಶೇಕಡಾ 20.

ಇದೇ ರೀತಿ ಅಸಲಿನ ಮೇಲೆ ಶೇಕಡಾ 20 ಸೇರಿಸಿದ್ದರೆ ಬೀಜಕದಲ್ಲಿ 1/6. ಅಸಲಿನ ಮೇಲೆ ಶೇಕಡಾ 33⅓ ಸೇರಿಸಿದ್ದರೆ ಬೀಜಕದಲ್ಲಿ 1/4. ಕೆಲವೊಮ್ಮೆ ಪ್ರಶ್ನೆಯಲ್ಲೇ "ಬೀಜಕ ಬೆಲೆಯ ಮೇಲೆ ಶೇಕಡಾ 25" ಅಂತ ಇರುತ್ತದೆ. ಆಗ ಬದಲಿಸುವ ಕೆಲಸವಿಲ್ಲ, ನೇರ 1/4. ಹಾಗಾಗಿ "ಅಸಲಿನ ಮೇಲೆ" ಅಂತ ಇದೆಯೋ "ಬೀಜಕದ ಮೇಲೆ" ಅಂತ ಇದೆಯೋ ನೋಡಿ, ಆ ಪದದ ಕೆಳಗೆ ಗೆರೆ ಎಳೆಯಿರಿ.

ಈ ಭಾಗ ಗೊತ್ತಾದ ಮೇಲೆ ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ 1/5 ಅಂತ ಬರೆದಿಡಿ. ಮುಂದೆ ಶೇಕಡಾವಾರಿಗೆ ವಾಪಸ್ ಹೋಗಬೇಡಿ.

## ಹಂತ 2: ಲೋಡಿಂಗ್ ಇರುವ ಮೂರು ಜಾಗ ಗುರುತಿಸಿ

ಡೆಟರ್ಸ್ ಪದ್ಧತಿಯಲ್ಲಿ ಲೋಡಿಂಗ್ ತೆಗೆಯಬೇಕಾದ್ದು ಮೂರೇ ಜಾಗದಲ್ಲಿ:

1. ಆರಂಭದ ದಾಸ್ತಾನು: 50,000ದ 1/5 = 10,000
2. ಕಳಿಸಿದ ಸರಕಿನಲ್ಲಿ ವಾಪಸ್ ಬಂದದ್ದು ಕಳೆದು ಉಳಿದದ್ದು: 4,00,000 − 10,000 = 3,90,000, ಅದರ 1/5 = 78,000
3. ಅಂತಿಮ ದಾಸ್ತಾನು: 75,000ದ 1/5 = 15,000

ಉದ್ರಿ ಬಾಕಿಯಲ್ಲಿ ಲೋಡಿಂಗ್ ಹುಡುಕಬೇಡಿ. ಸೀರೆ ಗಿರಾಕಿಯ ಕೈಗೆ ಹೋಯಿತು, ಮಾರಾಟ ಮುಗಿಯಿತು. ದುಡ್ಡು ಇನ್ನೂ ಬರಬೇಕು, ನಿಜ. ಆದರೆ ಆ ಲಾಭ ಹುಟ್ಟಿಯಾಗಿದೆ. ವಸೂಲಿ ಆಗದೇ ಹೋದರೆ ಅದು ಮುಳುಗಿದ ಸಾಲದ ನಷ್ಟ, ಲೋಡಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ.

ದಾಸ್ತಾನಿನ ಕತೆ ಬೇರೆ. ದಾವಣಗೆರೆಯ ಕಪಾಟಿನಲ್ಲಿ ಕೂತ ಸೀರೆಗೆ ಬೀಜಕದಲ್ಲಿ 1,250 ರೂಪಾಯಿ ಅಂತ ಬರೆದಿರಬಹುದು. ಬೆಂಗಳೂರಿನವರು ಅದಕ್ಕೆ ಕೊಟ್ಟದ್ದು 1,000. ಒಂದು ಅಂಗಡಿಯಿಂದ ತನ್ನದೇ ಇನ್ನೊಂದು ಅಂಗಡಿಗೆ ಲಾರಿಯಲ್ಲಿ ಹೋದ ಮಾತ್ರಕ್ಕೆ 250 ರೂಪಾಯಿ ಲಾಭ ಬರುವುದಿಲ್ಲ, ಅಲ್ವಾ? ಆ 250ನ್ನೇ ಕೈಗೆ ಬಾರದ ಲಾಭ ಅನ್ನುವುದು. ಮಾರ್ಚ್ 31ಕ್ಕೆ ನಮ್ಮ ಶಾಖೆಯಲ್ಲಿ ಅಂಥದ್ದು 15,000 ರೂಪಾಯಿ ಇದೆ.

## ಹಂತ 3: ಉದ್ರಿ ಬಾಕಿಯನ್ನು ಪಕ್ಕದಲ್ಲಿ ಲೆಕ್ಕ ಹಾಕಿ

ಅಂತಿಮ ಉದ್ರಿ ಬಾಕಿ ಪ್ರಶ್ನೆಯಲ್ಲಿ ಕೊಟ್ಟಿರುವುದಿಲ್ಲ, ನಾವೇ ಕಂಡುಹಿಡಿಯಬೇಕು. 30,000ಕ್ಕೆ ಉದ್ರಿ ಮಾರಾಟ 2,40,000 ಸೇರಿಸಿ, ವಸೂಲಿ 2,20,000 ಮತ್ತು ರಿಯಾಯಿತಿ 2,000 ಕಳೆಯಿರಿ. ಉಳಿಯುವುದು 48,000.

ಉದ್ರಿ ಮಾರಾಟ ಮತ್ತು ರಿಯಾಯಿತಿಯ ಕೆಲಸ ಇಲ್ಲಿಗೆ ಮುಗಿಯಿತು. ಶಾಖೆ ಖಾತೆಯಲ್ಲಿ ಅವನ್ನು ಮತ್ತೆ ಬರೆಯುವಂತಿಲ್ಲ. ರಿಯಾಯಿತಿ ಕೊಟ್ಟದ್ದರಿಂದ ಬಾಕಿ ಆಗಲೇ 2,000 ಇಳಿದಿದೆ. ಡೆಬಿಟ್ ಬದಿಗೂ ಬರೆದರೆ ಅದೇ ನಷ್ಟವನ್ನು ಎರಡು ಸಲ ಹಿಡಿದಂತಾಗುತ್ತದೆ. ಮುಳುಗಿದ ಸಾಲ, ಗಿರಾಕಿಗಳು ಶಾಖೆಗೆ ಹಿಂತಿರುಗಿಸಿದ ಸರಕು ಇವುಗಳಿಗೂ ಇದೇ ಮಾತು.

## ಹಂತ 4: ಮೊದಲು ಎಲ್ಲವನ್ನೂ ಬೀಜಕ ಬೆಲೆಯಲ್ಲೇ ಬರೆಯಿರಿ

ಇಲ್ಲಿ ಆತುರ ಬೇಡ. ಲೋಡಿಂಗ್ ಮರೆತು, ಕಾಗದದಲ್ಲಿರುವ ಮೊತ್ತವನ್ನೇ ಬರೆಯಿರಿ. ಡೆಬಿಟ್ ಬದಿಗೆ ಆರಂಭದ ದಾಸ್ತಾನು, ಆರಂಭದ ಬಾಕಿ, ಕಳಿಸಿದ ಸರಕು, ಪ್ರಧಾನ ಕಚೇರಿ ಕೊಟ್ಟ ಖರ್ಚು. ಕ್ರೆಡಿಟ್ ಬದಿಗೆ ಶಾಖೆ ಕಳಿಸಿದ ಹಣ, ವಾಪಸ್ ಬಂದ ಸರಕು, ಅಂತಿಮ ದಾಸ್ತಾನು, ಅಂತಿಮ ಬಾಕಿ. ಶಾಖೆ ಕಳಿಸಿದ ಹಣ ಅಂದರೆ ನಗದು ಮಾರಾಟ 1,20,000 ಮತ್ತು ವಸೂಲಿ 2,20,000, ಒಟ್ಟು 3,40,000.

ಕೆಲವರು ಬರೆಯುವಾಗಲೇ ಅಸಲಿಗೆ ಇಳಿಸಿಬಿಡುತ್ತಾರೆ. ಉತ್ತರ ಸರಿಯೇ ಬರುತ್ತದೆ. ಆದರೆ ಶಾಖೆಯ ಕಾಗದಕ್ಕೂ ನಮ್ಮ ಖಾತೆಗೂ ತಾಳೆ ನೋಡುವ ದಾರಿ ಮುಚ್ಚಿಹೋಗುತ್ತದೆ. ಪರೀಕ್ಷೆಯಲ್ಲಿ ಅಂಕವೂ ಹೋಗುತ್ತದೆ, ಯಾಕೆಂದರೆ ಅಲ್ಲಿ ಕೇಳಿದ್ದೇ ಹೊಂದಾಣಿಕೆಯ ನಮೂದುಗಳನ್ನು.

## ಹಂತ 5: ಲೋಡಿಂಗ್ ಅನ್ನು ಎದುರು ಬದಿಯಲ್ಲಿ ಬರೆಯಿರಿ

ಯಾವ ಬದಿ ಅಂತ ಬಾಯಿಪಾಠ ಮಾಡಬೇಕಾಗಿಲ್ಲ. ಬೀಜಕ ಬೆಲೆಯ ಮೊತ್ತ ಯಾವ ಬದಿಯಲ್ಲಿ ಕೂತಿದೆ ನೋಡಿ. ಅದರ ಲೋಡಿಂಗ್ ಅದರ ಎದುರು ಬದಿಗೆ ಹೋಗುತ್ತದೆ. ಆಗ ಎರಡೂ ಸೇರಿ ಅಸಲು ಮಾತ್ರ ಉಳಿಯುತ್ತದೆ.

ಆರಂಭದ ದಾಸ್ತಾನು ಡೆಬಿಟ್‌ನಲ್ಲಿದೆ. ಹಾಗಾಗಿ ಅದರ 10,000 ಕ್ರೆಡಿಟ್ ಬದಿಗೆ. ಹೋದ ವರ್ಷ ಕೂಡಿಟ್ಟ ಸ್ಟಾಕ್ ರಿಸರ್ವ್ ಖಾತೆಯನ್ನು ಡೆಬಿಟ್ ಮಾಡಿ, ಶಾಖೆ ಖಾತೆಯನ್ನು ಕ್ರೆಡಿಟ್ ಮಾಡಬೇಕು.

ಕಳಿಸಿದ ಸರಕು ಡೆಬಿಟ್‌ನಲ್ಲಿದೆ, ವಾಪಸ್ ಬಂದದ್ದು ಕ್ರೆಡಿಟ್‌ನಲ್ಲಿದೆ. ಎರಡರ ನಡುವಿನ ವ್ಯತ್ಯಾಸದ ಲೋಡಿಂಗ್ 78,000 ಕ್ರೆಡಿಟ್ ಬದಿಗೆ. ಇದಕ್ಕೆ ಜೋಡಿ "ಶಾಖೆಗೆ ಕಳಿಸಿದ ಸರಕು" ಖಾತೆಯ ಡೆಬಿಟ್.

ಅಂತಿಮ ದಾಸ್ತಾನು ಕ್ರೆಡಿಟ್‌ನಲ್ಲಿದೆ. ಹಾಗಾಗಿ 15,000 ಡೆಬಿಟ್ ಬದಿಗೆ. ಜೋಡಿ, ಸ್ಟಾಕ್ ರಿಸರ್ವ್ ಖಾತೆಯ ಕ್ರೆಡಿಟ್.

ಈಗ ಖಾತೆ ಪೂರ್ತಿ ಆಯಿತು:

| ಡೆಬಿಟ್ | ರೂ. | ಕ್ರೆಡಿಟ್ | ರೂ. |
|---|---|---|---|
| ಆರಂಭದ ದಾಸ್ತಾನು | 50,000 | ಸ್ಟಾಕ್ ರಿಸರ್ವ್ (ಆರಂಭದ್ದು) | 10,000 |
| ಆರಂಭದ ಉದ್ರಿ ಬಾಕಿ | 30,000 | ಶಾಖೆ ಕಳಿಸಿದ ಹಣ | 3,40,000 |
| ಶಾಖೆಗೆ ಕಳಿಸಿದ ಸರಕು | 4,00,000 | ವಾಪಸ್ ಬಂದ ಸರಕು | 10,000 |
| ಬ್ಯಾಂಕ್ (ಬಾಡಿಗೆ, ಸಂಬಳ) | 36,000 | ಕಳಿಸಿದ ಸರಕಿನ ಲೋಡಿಂಗ್ | 78,000 |
| ಸ್ಟಾಕ್ ರಿಸರ್ವ್ (ಅಂತಿಮ) | 15,000 | ಅಂತಿಮ ದಾಸ್ತಾನು | 75,000 |
| ಲಾಭ | 30,000 | ಅಂತಿಮ ಉದ್ರಿ ಬಾಕಿ | 48,000 |
| ಒಟ್ಟು | 5,61,000 | ಒಟ್ಟು | 5,61,000 |

"ಶಾಖೆಗೆ ಕಳಿಸಿದ ಸರಕು" ಖಾತೆಯನ್ನೂ ಈಗಲೇ ಮುಗಿಸಿಬಿಡಿ. ಕ್ರೆಡಿಟ್‌ನಲ್ಲಿ 4,00,000, ಡೆಬಿಟ್‌ನಲ್ಲಿ 10,000 ಮತ್ತು 78,000. ಉಳಿದ 3,12,000 ಪ್ರಧಾನ ಕಚೇರಿಯ ವ್ಯಾಪಾರ ಖಾತೆಗೆ ಹೋಗುತ್ತದೆ. ಅದು ಶಾಖೆಗೆ ಹೋದ ಸರಕಿನ ನಿಜವಾದ ಅಸಲು. 3,90,000ದ 4/5 ಎಷ್ಟು ಅಂತ ನೋಡಿ, ಅಷ್ಟೇ ಬರಬೇಕು.

## ಹಂತ 6: ಇನ್ನೊಂದು ದಾರಿಯಿಂದ ತಾಳೆ ನೋಡಿ

ಈ ಹಂತ ಬಿಡುವವರೇ ಜಾಸ್ತಿ. ಐದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಮೊದಲು ಎಲ್ಲವನ್ನೂ ಅಸಲಿನಲ್ಲಿ ನೋಡಿ. ಆರಂಭದ ದಾಸ್ತಾನು 40,000, ಹೋದ ಸರಕು 3,12,000, ಅಂತಿಮ ದಾಸ್ತಾನು 60,000. ಹೋದ ಎರಡನ್ನು ಕೂಡಿ ಉಳಿದದ್ದನ್ನು ಕಳೆದರೆ ಖರ್ಚಾದ ಸರಕಿನ ಅಸಲು 2,92,000. ಮಾರಾಟ ಒಟ್ಟು 3,60,000. ವ್ಯತ್ಯಾಸ 68,000. ಇದರಲ್ಲಿ ರಿಯಾಯಿತಿ 2,000, ಬಾಡಿಗೆ ಮತ್ತು ಸಂಬಳ 36,000 ಕಳೆದರೆ 30,000. ತಾಳೆ ಆಯಿತು.

ಆಮೇಲೆ ಬೀಜಕ ಬೆಲೆಯಲ್ಲಿ ದಾಸ್ತಾನನ್ನು ಮಾತ್ರ ನೋಡಿ. 50,000ಕ್ಕೆ 4,00,000 ಸೇರಿಸಿ 10,000 ಕಳೆದರೆ 4,40,000. ಮಾರಾಟ 3,60,000. ಕಪಾಟಿನಲ್ಲಿ 80,000 ಇರಬೇಕಿತ್ತು, ಎಣಿಸಿದಾಗ ಸಿಕ್ಕಿದ್ದು 75,000. ಅಂದರೆ 5,000 ರೂಪಾಯಿಯ ಸರಕು ಕಡಿಮೆ ಇದೆ. ಶಾಖೆ ಖಾತೆ ಇದನ್ನು ಎಲ್ಲೂ ಹೇಳಲಿಲ್ಲ. ಕಡಿಮೆ ದಾಸ್ತಾನು ಬರೆದ ಕಾರಣ ನಷ್ಟ ತಾನಾಗಿ ಒಳಗೆ ಸೇರಿಹೋಗಿತ್ತು. ಸರಕು ಬೀಜಕ ಬೆಲೆಗೆ ಕಳಿಸುವುದರ ನಿಜವಾದ ಉಪಯೋಗ ಇಲ್ಲಿದೆ: ಕಳವೋ, ಎಣಿಕೆಯ ತಪ್ಪೋ, ಬಿಲ್ ಮಾಡದ ಮಾರಾಟವೋ ಇದ್ದರೆ ಈ ಲೆಕ್ಕದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ಈ 5,000ದಲ್ಲಿ ನಿಜವಾದ ನಷ್ಟ ಅಸಲಿನ 4,000 ಮಾತ್ರ. ಉಳಿದ 1,000 ಎಂದೂ ಬಂದಿರದ ಲೋಡಿಂಗ್. ಮಾರಾಟ 3,60,000ದ 1/5 ಅಂದರೆ 72,000 ಒಟ್ಟು ಲಾಭ, ಅದರಲ್ಲಿ ಈ 4,000 ಕಳೆದರೆ ಮತ್ತೆ ಅದೇ 68,000. ದಾಸ್ತಾನಿಗೂ ಉದ್ರಿಗೂ ಬೇರೆ ಬೇರೆ ಖಾತೆ ಇಡುವ ಸ್ಟಾಕ್ ಅಂಡ್ ಡೆಟರ್ಸ್ ಪದ್ಧತಿಯಲ್ಲಿ 1,000ವನ್ನು ಶಾಖೆ ಹೊಂದಾಣಿಕೆ ಖಾತೆಗೂ 4,000ವನ್ನು ಲಾಭ ನಷ್ಟ ಖಾತೆಗೂ ಬೇರೆ ಬೇರೆ ಒಯ್ಯುವುದು ಇದೇ ಕಾರಣಕ್ಕೆ.

ಒಂದು ಎಚ್ಚರಿಕೆ. ಬೀಜಕ ಬೆಲೆಗಿಂತ ಜಾಸ್ತಿಗೋ ಕಡಿಮೆಗೋ ಮಾರಲು ಶಾಖೆಗೆ ಬಿಟ್ಟಿದ್ದರೆ ಈ ಎರಡನೇ ತಾಳೆ ನೇರವಾಗಿ ಕೂರುವುದಿಲ್ಲ. ಆಗ ಮಾರಿದ ಸರಕಿನ ಬೀಜಕ ಬೆಲೆಯನ್ನು ಬಿಲ್‌ಗಳಿಂದ ಬೇರೆಯಾಗಿ ತೆಗೆಯಬೇಕು.

## ನಿಮ್ಮ ಉತ್ತರ 30,000 ಬರಲಿಲ್ಲವೇ?

ಮೇಲಿನ ಲೆಕ್ಕವನ್ನು ನೀವೇ ಒಮ್ಮೆ ಮಾಡಿ. ಬಂದ ಮೊತ್ತವೇ ತಪ್ಪು ಎಲ್ಲಿ ಅಂತ ಹೇಳುತ್ತದೆ.

- 48,250 ಲಾಭ: ಮೂರೂ ಕಡೆ 1/5 ಬದಲು ಶೇಕಡಾ 25 ತೆಗೆದಿದ್ದೀರಿ. ಹಂತ 1ಕ್ಕೆ ಹೋಗಿ.
- 45,000 ಲಾಭ: ಅಂತಿಮ ಸ್ಟಾಕ್ ರಿಸರ್ವ್ ಬರೆದಿಲ್ಲ.
- 60,000 ಲಾಭ: ಅಂತಿಮ ರಿಸರ್ವ್ ಬರೆದಿದ್ದೀರಿ, ಆದರೆ ಕ್ರೆಡಿಟ್ ಬದಿಗೆ. ವ್ಯತ್ಯಾಸ 15,000ದ ಎರಡರಷ್ಟಿದೆ, ಬದಿ ತಪ್ಪಿದ್ದಕ್ಕೆ ಗುರುತು ಅದೇ.
- 20,000 ಲಾಭ: ಆರಂಭದ ರಿಸರ್ವ್ ಮರೆತಿದ್ದೀರಿ.
- 32,000 ಲಾಭ: ವಾಪಸ್ ಬಂದ 10,000 ಕಳೆಯದೆ 4,00,000ದ ಮೇಲೇ ಲೋಡಿಂಗ್ ತೆಗೆದಿದ್ದೀರಿ.
- 28,000 ಲಾಭ: ರಿಯಾಯಿತಿಯನ್ನು ಎರಡು ಸಲ ಹಿಡಿದಿದ್ದೀರಿ.
- 26,400 ಲಾಭ: ಉದ್ರಿ ಬಾಕಿಗೂ ಲೋಡಿಂಗ್ ತೆಗೆದಿದ್ದೀರಿ.
- 48,000 ನಷ್ಟ: ಕಳಿಸಿದ ಸರಕಿನ 78,000 ಬಿಟ್ಟುಹೋಗಿದೆ.

ಈ ಪಟ್ಟಿಯಲ್ಲಿ ನನಗೆ ಹೆಚ್ಚು ಭಯ ಇರುವುದು 45,000ದ ಬಗ್ಗೆ. ನಷ್ಟ ಬಂದರೆ ಯಾರಾದರೂ ಪ್ರಶ್ನೆ ಕೇಳುತ್ತಾರೆ, ಲಾಭ ಚೆನ್ನಾಗಿದ್ದರೆ ಯಾರೂ ಕೇಳುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಡೆ ಹೀಗೇ ಆಯಿತು. ಅಂತಿಮ ರಿಸರ್ವ್ ಬರೆಯದೆ ವರ್ಷ ಮುಗಿಸಿದ್ದೆ. ಮರುವರ್ಷ ಅದೇ ದಾಸ್ತಾನು ಆರಂಭದ್ದಾಗಿ ಬಂದಾಗ ಅದಕ್ಕೆ ಎದುರಾಗಿ ಇಳಿಸಲು ರಿಸರ್ವ್ ಖಾತೆಯಲ್ಲಿ ಏನೂ ಇರಲಿಲ್ಲ. ಮೊದಲ ವರ್ಷ ಎಷ್ಟು ಲಾಭ ಉಬ್ಬಿತ್ತೋ ಎರಡನೇ ವರ್ಷ ಅಷ್ಟೇ ಕುಗ್ಗಿತು. ಶಾಖೆಯ ಮ್ಯಾನೇಜರ್ ವ್ಯಾಪಾರ ಕೆಡಿಸಿದ್ದಾರೆ ಅಂತ ಮಾಲೀಕರು ಅವರನ್ನು ತರಾಟೆಗೆ ತೆಗೆದುಕೊಂಡರು. ತಪ್ಪು ನನ್ನ ಹಾಳೆಯಲ್ಲಿತ್ತು. ಹೋಗಿ ಹೇಳಿ ಸರಿಪಡಿಸಿದೆ. ಆದರೆ ಆ ಮನುಷ್ಯನಿಗೆ ಆದ ಬೇಸರ ಈಗಲೂ ನೆನಪಿದೆ.

## ಹಂತ 7: ದಾರಿಯಲ್ಲಿರುವ ಸರಕನ್ನು ಬಿಡಬೇಡಿ

ಮಾರ್ಚ್ 30ಕ್ಕೆ ಬೆಂಗಳೂರಿನಿಂದ ಹೊರಟ ಲೋಡು ಏಪ್ರಿಲ್ 2ಕ್ಕೆ ದಾವಣಗೆರೆ ತಲುಪಿತು ಅಂತ ಇಟ್ಟುಕೊಳ್ಳಿ. ಬೀಜಕ ಬೆಲೆ 20,000. ಪ್ರಧಾನ ಕಚೇರಿ ಬರೆದ 4,00,000ದಲ್ಲಿ ಇದು ಸೇರಿದೆ. ಶಾಖೆಯ ಎಣಿಕೆಯಲ್ಲಿ ಇಲ್ಲ, ಅವರ ಕಪಾಟಿನಲ್ಲಿ ಸಿಕ್ಕಿದ್ದು 55,000 ಮಾತ್ರ.

ಆಗ ಅಂತಿಮ ದಾಸ್ತಾನು 55,000 ಮತ್ತು ದಾರಿಯಲ್ಲಿರುವ 20,000 ಸೇರಿ 75,000. ರಿಸರ್ವ್ ಕೂಡ ಪೂರ್ತಿ 75,000ದ ಮೇಲೆ, 15,000. ದಾರಿಯ ಸರಕನ್ನು ಬಿಟ್ಟರೆ ಲಾಭ 14,000ಕ್ಕೆ ಇಳಿಯುತ್ತದೆ, ಅಂದರೆ ಆ ಸರಕಿನ ಅಸಲು 16,000 ಮಾಯ. ಸರಕನ್ನು ಸೇರಿಸಿ ಅದರ ಮೇಲಿನ ರಿಸರ್ವ್ ಬಿಟ್ಟರೆ ಲಾಭ 4,000 ಉಬ್ಬಿ 34,000 ಆಗುತ್ತದೆ.

ಮಾರ್ಚ್‌ನ ಕೊನೆಯ ವಾರದ ಬೀಜಕಗಳನ್ನು ಶಾಖೆಯ ಸ್ವೀಕೃತಿ ಪುಸ್ತಕದ ಜೊತೆ ಒಂದೊಂದಾಗಿ ಗುರುತು ಹಾಕುತ್ತಾ ಹೋಗಿ. ಗುರುತು ಬೀಳದೆ ಉಳಿದದ್ದೇ ದಾರಿಯಲ್ಲಿರುವ ಸರಕು.

## ಹಂತ 8: ಲೋಡಿಂಗ್ ಇಲ್ಲದ ಮೊತ್ತವನ್ನು ಬೇರ್ಪಡಿಸಿ

ಅಂತಿಮ ದಾಸ್ತಾನು ಪೂರ್ತಿ ಬೀಜಕ ಬೆಲೆಯದ್ದೇ ಅಂತ ನಂಬಬೇಡಿ. ಶಾಖೆಯವರು ಸ್ಥಳೀಯವಾಗಿ ಕೊಂಡ ಸರಕು ಅದರಲ್ಲಿದ್ದರೆ ಅದಕ್ಕೆ ಲೋಡಿಂಗ್ ಇಲ್ಲ. ಲಾರಿ ಬಾಡಿಗೆಯ ಪಾಲನ್ನು ದಾಸ್ತಾನಿನ ಬೆಲೆಗೆ ಸೇರಿಸಿದ್ದರೆ ಅದಕ್ಕೂ ಇಲ್ಲ. ಎರಡನ್ನೂ ತೆಗೆದು, ಉಳಿದದ್ದಕ್ಕೆ ಮಾತ್ರ 1/5 ಹಾಕಿ.

ಹಳೇ ಸರಕಿನ ವಿಷಯ ಇನ್ನೊಂದು. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅಸಲು ಅಥವಾ ಮಾರಿದರೆ ನಿವ್ವಳವಾಗಿ ಕೈಗೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ತೋರಿಸಬೇಕು. ಬೀಜಕದಲ್ಲಿ 10,000 ಇರುವ ಸೀರೆಗಳು ಈಗ 6,000ಕ್ಕಷ್ಟೇ ಹೋಗುತ್ತವೆ ಅಂದರೆ 2,000 ರಿಸರ್ವ್ ಬರೆದು 8,000ಕ್ಕೆ ನಿಲ್ಲಿಸುವಂತಿಲ್ಲ. ಇನ್ನೂ 2,000 ಇಳಿಸಬೇಕು. ಮೊದಲ 2,000 ಕೈಗೆ ಬಾರದ ಲಾಭ, ಎರಡನೇ 2,000 ನಿಜವಾದ ನಷ್ಟ. ಇವೆರಡನ್ನು ಒಂದೇ ರಿಸರ್ವ್ ಖಾತೆಯಲ್ಲಿ ಬೆರೆಸಬೇಡಿ.

ಜಿಎಸ್‌ಟಿ ಬಗ್ಗೆಯೂ ಕೇಳುತ್ತಾರೆ. ಶಾಖೆ ಬೇರೆ ರಾಜ್ಯದಲ್ಲಿದ್ದರೆ ನೋಂದಣಿ ಬೇರೆ, ಹಣ ಕೈ ಬದಲಾಗದಿದ್ದರೂ ಸರಕು ಕಳಿಸಿದ್ದಕ್ಕೆ ತೆರಿಗೆ ಬೀಜಕ ಮಾಡಬೇಕು. ಆ ತೆರಿಗೆಯನ್ನು ಶಾಖೆ ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯುವುದಾದರೆ ಅದು ಸರಕಿನ ಅಸಲೂ ಅಲ್ಲ, ಲೋಡಿಂಗೂ ಅಲ್ಲ. ತೆರಿಗೆ ಬಿಟ್ಟ ಮೊತ್ತಕ್ಕೆ ಮಾತ್ರ 1/5 ಹಾಕಿ.

## ಹಂತ 9: ಬ್ಯಾಲೆನ್ಸ್ ಶೀಟ್ ಮತ್ತು ಮರುವರ್ಷದ ಮೊದಲ ನಮೂದು

ಬ್ಯಾಲೆನ್ಸ್ ಶೀಟ್‌ನ ಆಸ್ತಿ ಬದಿಯಲ್ಲಿ ಶಾಖೆಯ ದಾಸ್ತಾನು 75,000, ಅದರಲ್ಲಿ ಕಳೆ ಸ್ಟಾಕ್ ರಿಸರ್ವ್ 15,000, ಉಳಿದದ್ದು 60,000 ಅಂತ ತೋರಿಸಿ. ಹೆಸರಲ್ಲಿ ರಿಸರ್ವ್ ಅಂತ ಇದೆ ಅಂತ ಹೊಣೆ ಬದಿಯ ಮೀಸಲು ನಿಧಿಗಳ ಜೊತೆ ಸೇರಿಸುವವರಿದ್ದಾರೆ. ಅದು ಕೂಡಿಟ್ಟ ಲಾಭ ಅಲ್ಲ, ದಾಸ್ತಾನಿನ ಬೆಲೆಯಲ್ಲಿ ಇಳಿಸಬೇಕಾದ ಮೊತ್ತ.

ಏಪ್ರಿಲ್ 1ಕ್ಕೆ ಹೊಸ ಶಾಖೆ ಖಾತೆಯ ಡೆಬಿಟ್‌ನಲ್ಲಿ 75,000 ಬಂದ ಕೂಡಲೇ ಕ್ರೆಡಿಟ್‌ನಲ್ಲಿ 15,000 ಬರೆದುಬಿಡಿ. ಮಾರ್ಚ್‌ವರೆಗೆ ಕಾದರೆ ಮರೆಯುತ್ತೀರಿ.

ಇಲ್ಲಿ ಕೊನೆಯ ಗುಂಡಿ ಒಂದಿದೆ. ಹೊಸ ವರ್ಷದಲ್ಲಿ ಲೋಡಿಂಗ್ ಅನ್ನು ಅಸಲಿನ ಮೇಲೆ ಶೇಕಡಾ 33⅓ಕ್ಕೆ ಏರಿಸಿದರು ಅನ್ನಿ. ಹೊಸದಾಗಿ ಕಳಿಸುವ ಸರಕಿಗೆ 1/4. ಆದರೆ ಆರಂಭದ 75,000ಕ್ಕೆ ಹಳೇ 1/5ರ 15,000ವೇ. 1/4 ಹಾಕಿ 18,750 ಬರೆದರೆ ರಿಸರ್ವ್ ಖಾತೆಯಲ್ಲಿ ಇಲ್ಲದ 3,750ನ್ನು ತೆಗೆದಂತಾಗುತ್ತದೆ, ಆ ಖಾತೆ ಡೆಬಿಟ್ ಬಾಕಿ ತೋರಿಸುತ್ತದೆ. ಸ್ಟಾಕ್ ರಿಸರ್ವ್ ಖಾತೆ ಡೆಬಿಟ್‌ಗೆ ಬಿತ್ತು ಅಂದರೆ ಮೊದಲು ದರ ನೋಡಿ.

ಆ ವರ್ಷದ ಕೊನೆಗೂ ಇದೇ ತೊಡಕು ಬರುತ್ತದೆ. ಕಪಾಟಿನಲ್ಲಿ ಹಳೇ ದರದ ಸೀರೆಗಳೂ ಹೊಸ ದರದ ಸೀರೆಗಳೂ ಬೆರೆತಿರುತ್ತವೆ. ಆದ್ದರಿಂದ ದರ ಬದಲಾದ ದಿನವೇ ಶಾಖೆಗೆ ಹೇಳಿ, ಹೊಸ ಬೀಜಕದ ಸರಕಿನ ಚೀಟಿಗೆ ಬೇರೆ ಬಣ್ಣವೋ ಬೇರೆ ಗುರುತೋ ಹಾಕಿಸಿ. ಎಣಿಸುವಾಗ ಎರಡು ಪಟ್ಟಿ ಮಾಡಿಸಿ. ಹಳೆಯದಕ್ಕೆ 1/5, ಹೊಸದಕ್ಕೆ 1/4 ಹಾಕಿ, ಎರಡನ್ನೂ ಕೂಡಿ ರಿಸರ್ವ್ ಬರೆಯಿರಿ.